ಆಟ ಬಿಡುವ ಮುನ್ನ ಗೆಳೆಯನಿಗೊಂದು ಮಾತು

ದಾವಣಗೆರೆಯ ಹುಡುಗನೊಬ್ಬ ಕ್ಲಾಶ್ ಆಫ್ ಕ್ಲಾನ್ಸ್ ಆಟದಲ್ಲಿ ಒಂದು ಕ್ಲಾನಿನ ನಾಯಕ ಎಂದಿಟ್ಟುಕೊಳ್ಳಿ. ಫಿಲಿಪೀನ್ಸಿನ ಗೆಳೆಯ ಅವನ ಸಹನಾಯಕ. ಇಲ್ಲಿ ರಾತ್ರಿ 10 ಆದರೆ ಅಲ್ಲಿ 12.30, ಆದರೂ ನಿದ್ದೆಗೆಟ್ಟು ಜೊತೆಗೂಡುತ್ತಾನೆ. ಈಗ ಹುಡುಗನಿಗೆ ರಾತ್ರಿ ಪಾಳಿಯ ಕೆಲಸ ಸಿಕ್ಕಿದೆ, ಆಟ ಬಿಡಬೇಕು.

ಹೇಳದೆ ಮಾಯವಾಗುವುದೇ ಸುಲಭ. ಆದರೆ ಅತ್ತ ಕಡೆಯವನಿಗೆ ಕಾಣುವುದು ಬರೀ ಒಂದು ಅಡ್ಡಹೆಸರು. ಸಿಟ್ಟೋ, ಕಾಯಿಲೆಯೋ, ಫೋನ್ ಕೆಟ್ಟಿತೋ, ವಿಚಾರಿಸಲು ಅಕ್ಕಪಕ್ಕದ ಮನೆಯವರೂ ಇಲ್ಲ.

ಹೊರಡುವುದಕ್ಕೂ ಹೊತ್ತುಗೊತ್ತು ಇದೆ. ಕ್ಲಾನ್ ಯುದ್ಧಕ್ಕೆ ತಯಾರಿಯ ಒಂದು ದಿನ, ಕಾದಾಟದ ಒಂದು ದಿನ. ನಡುವೆ ಎದ್ದುಹೋದರೆ ನಿಮ್ಮ ಪಾಲಿನ ಎರಡು ದಾಳಿ ಖಾಲಿ ಉಳಿಯುತ್ತವೆ, ಬದಲಿ ಆಟಗಾರನನ್ನು ತುಂಬಲಾಗದು. ಆದ್ದರಿಂದ ಯುದ್ಧ ಮುಗಿಸಿ, ಸದಸ್ಯರ ಪಟ್ಟಿಯಲ್ಲಿ ಗೆಳೆಯನ ಹೆಸರು ಒತ್ತಿ ನಾಯಕತ್ವ ಬಿಟ್ಟುಕೊಡಬೇಕು. ಆದರೆ ಮೊದಲು ಅವನನ್ನು ಕೇಳಿ. ಆ ಹೊರೆ ಅವನಿಗೆ ಬೇಡವಾಗಿರಬಹುದು.

ಕ್ಲಾನ್ ಚಾಟಿನಲ್ಲಿ ಎಲ್ಲರೂ ಓದುತ್ತಾರೆ, ಹಳೆಯ ಮಾತು ಮೇಲಕ್ಕೆ ಸರಿದು ಹೋಗುತ್ತದೆ. ಅಲ್ಲಿ ಚುಟುಕಾಗಿ ಹೇಳಿ, ಮನದ ಮಾತನ್ನು ಇಮೇಲಿನಲ್ಲಿ ಬರೆಯುವುದು ಲೇಸು: 'ಸೋಮವಾರದಿಂದ ರಾತ್ರಿ ಕೆಲಸ, ಆಡಲಾಗದು. ನಿನ್ನ ಮೇಲೆ ಬೇಸರವಿಲ್ಲ. ಆ ಸೋತ ಯುದ್ಧದಲ್ಲಿ ನೀನು ನಗಿಸಿದ್ದು ನೆನಪಿದೆ. ಹಬ್ಬಕ್ಕೆ ಬರೆಯುತ್ತೇನೆ.' ದಿನವೂ ಬರೆಯುವೆನೆಂಬ ಭರವಸೆ ಬೇಡ, ಅದು ಎರಡನೇ ವಾರಕ್ಕೇ ಸುಳ್ಳಾಗುತ್ತದೆ. ಅವನು ಬರೀ 'ಸರಿ' ಎಂದರೆ ಕೆದಕಬೇಡಿ. ಬೇಸರಗೊಂಡವನೂ ಹಾಗೆಯೇ ಬರೆಯುತ್ತಾನೆ, ಉತ್ತರ ತಡವಾಗಿ ಬರುತ್ತದೆ.