ಹದಿನೆಂಟೂವರೆ ಎಲ್ಲಿಂದ ಬಂತು?

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ವಾರವೇ ಒಂದು ಪುಟದ ಟಿಪ್ಪಣಿ ತಂದಿಟ್ಟಳು. ಡಿ-ಮಾರ್ಟ್ ಮತ್ತು ವಾಲ್‌ಮಾರ್ಟ್ ಹೋಲಿಕೆ. ಡಿ-ಮಾರ್ಟ್ ಮಳಿಗೆಗಳನ್ನು ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್‌ನ ಆರ್‌ಒಇ 13.6%, ವಾಲ್‌ಮಾರ್ಟ್‌ನದು 18.5%. "ಇಬ್ಬರದೂ ಒಂದೇ ವ್ಯಾಪಾರ ಸರ್, ವಾಲ್‌ಮಾರ್ಟ್ ಚೆನ್ನಾಗಿ ನಡೆಸ್ತಿದೆ" ಅಂದಳು. ಅಂಕಿ ಎರಡೂ ಸರಿಯಾಗಿದ್ದವು. ತೀರ್ಮಾನ ಮಾತ್ರ ಅವಸರದ್ದು.

ಆರ್‌ಒಇ ಎಂದರೆ ಷೇರುದಾರರು ಕಂಪನಿಯಲ್ಲಿ ಇಟ್ಟಿರುವ ನೂರು ರೂಪಾಯಿಗೆ ವರ್ಷಕ್ಕೆ ಎಷ್ಟು ಲಾಭ ಹುಟ್ಟಿತು ಎಂಬ ಲೆಕ್ಕ. ಆ ಲಾಭ ಹುಟ್ಟುವುದಕ್ಕೆ ದಾರಿ ಮೂರು. ಮಾರಿದ ಪ್ರತಿ ನೂರು ರೂಪಾಯಿಯಲ್ಲಿ ಹೆಚ್ಚು ಉಳಿಸಿಕೊಳ್ಳಬಹುದು, ಇದು ಮಾರ್ಜಿನ್. ಇರುವ ಆಸ್ತಿಯಿಂದಲೇ ಹೆಚ್ಚು ಮಾರಾಟ ಮಾಡಬಹುದು. ಇದು ಆಸೆಟ್ ಟರ್ನೋವರ್, ಹಾಕಿದ ದುಡ್ಡು ವರ್ಷಕ್ಕೆ ಎಷ್ಟು ಸುತ್ತು ತಿರುಗಿತು ಎಂಬುದು. ಮೂರನೆಯದು, ಷೇರುದಾರರ ದುಡ್ಡಿನ ಜೊತೆಗೆ ಬೇರೆಯವರ ದುಡ್ಡನ್ನೂ ಹಾಕಿ ವ್ಯಾಪಾರ ಮಾಡುವುದು, ಇದು ಲೆವರೇಜ್. ಲಾಭವನ್ನು ಮಾರಾಟದಿಂದ, ಮಾರಾಟವನ್ನು ಒಟ್ಟು ಆಸ್ತಿಯಿಂದ, ಒಟ್ಟು ಆಸ್ತಿಯನ್ನು ಷೇರುದಾರರ ಬಂಡವಾಳದಿಂದ ಭಾಗಿಸಿ, ಬಂದ ಮೂರನ್ನೂ ಗುಣಿಸಿದರೆ ಆರ್‌ಒಇ ತಾನಾಗಿ ಬರುತ್ತದೆ. ಮಧ್ಯದ ಮಾರಾಟ, ಆಸ್ತಿ ಎರಡೂ ಹೊಡೆದುಹೋಗುತ್ತವೆ, ಅಷ್ಟೇ.

ಇದಕ್ಕೆ ಡೂಪಾಂಟ್ ವಿಶ್ಲೇಷಣೆ ಎಂಬ ಹೆಸರು ಬಂದದ್ದು ಅಮೆರಿಕದ ಸಿಡಿಮದ್ದಿನ ಕಂಪನಿಯಿಂದ. ಮೊದಲ ಮಹಾಯುದ್ಧಕ್ಕೆ ಮುಂಚೆ ಅಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಎಂಬ ಎಂಜಿನಿಯರ್ ಮಾರ್ಜಿನ್ ಮತ್ತು ಟರ್ನೋವರನ್ನು ಗುಣಿಸಿ ನೋಡುವ ಪದ್ಧತಿ ಹಾಕಿಕೊಟ್ಟ. 1921ರಲ್ಲಿ ಅದನ್ನು ಜನರಲ್ ಮೋಟರ್ಸ್‌ಗೂ ಒಯ್ದ. ಲೆವರೇಜ್ ಈ ಗುಣಾಕಾರಕ್ಕೆ ಸೇರಿಕೊಂಡಿದ್ದು ಆಮೇಲೆ. ನಮ್ಮ ಕಥೆಯ ತಿರುವು ಇರುವುದು ತಡವಾಗಿ ಬಂದ ಈ ಮೂರನೆಯದರಲ್ಲೇ.

ಹುಡುಗಿಯ ಟಿಪ್ಪಣಿಯ ಹಿಂಬದಿಯಲ್ಲೇ ಲೆಕ್ಕ ಬರೆದೆವು. 2024ರ ಮಾರ್ಚ್‌ಗೆ ಮುಗಿದ ವರ್ಷ ಡಿ-ಮಾರ್ಟ್ ಮಾರಾಟ ಸುಮಾರು 50,800 ಕೋಟಿ ರೂಪಾಯಿ, ಲಾಭ 2,536 ಕೋಟಿ, ಆಸ್ತಿ 21,200 ಕೋಟಿ, ಷೇರುದಾರರ ಬಂಡವಾಳ 18,700 ಕೋಟಿ. ಮಾರ್ಜಿನ್ 5%, ಟರ್ನೋವರ್ 2.4, ಲೆವರೇಜ್ 1.13. ಅದೇ ವರ್ಷದ ಜನವರಿಗೆ ಮುಗಿದ ವರ್ಷದಲ್ಲಿ ವಾಲ್‌ಮಾರ್ಟ್‌ನ ಮಾರ್ಜಿನ್ 2.4%, ಟರ್ನೋವರ್ 2.57, ಲೆವರೇಜ್ 3.

ಈಗ ಓದಿ ನೋಡಿ. ನೂರು ರೂಪಾಯಿಯ ಮಾರಾಟದಲ್ಲಿ ಡಿ-ಮಾರ್ಟ್ ಉಳಿಸುವುದು ವಾಲ್‌ಮಾರ್ಟ್‌ನ ಎರಡರಷ್ಟು. ಆಸ್ತಿ ತಿರುಗುವ ವೇಗ ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಆರ್‌ಒಇಯಲ್ಲಿ ವಾಲ್‌ಮಾರ್ಟ್ ಮುಂದಿದ್ದರೆ ಅದಕ್ಕೆ ಕಾರಣ ಅಂಗಡಿಯೊಳಗಿಲ್ಲ. ಷೇರುದಾರರ ಒಂದು ಡಾಲರ್‌ಗೆ ಬೇರೆಯವರ ಎರಡು ಡಾಲರ್ ಸೇರಿಸಿ ಅದು ವ್ಯಾಪಾರ ಮಾಡುತ್ತಿದೆ. ಡಿ-ಮಾರ್ಟ್ ಒಂದು ರೂಪಾಯಿಗೆ ಬೇರೆಯವರದ್ದು ಸೇರಿಸುವುದು ಹದಿಮೂರು ಪೈಸೆ.

"ಹಾಗಾದ್ರೆ ವಾಲ್‌ಮಾರ್ಟ್ ಸಾಲದಲ್ಲಿ ನಡೀತಿದೆ ಅಂತಾನಾ ಸರ್?"

ಅದೂ ಅವಸರದ ಮಾತೇ. ಬೇರೆಯವರ ದುಡ್ಡು ಎಂದ ಕೂಡಲೇ ಬ್ಯಾಂಕ್ ಸಾಲ ಎಂದುಕೊಳ್ಳಬಾರದು. ವಾಲ್‌ಮಾರ್ಟ್‌ನ ಆ ವರ್ಷದ ಬ್ಯಾಲೆನ್ಸ್ ಶೀಟಿನಲ್ಲಿ ಗೋದಾಮು, ಮಳಿಗೆಗಳಲ್ಲಿದ್ದ ಸರಕು ಸುಮಾರು 5,500 ಕೋಟಿ ಡಾಲರ್. ಸರಬರಾಜುದಾರರಿಗೆ ಕೊಡಬೇಕಾದ ಬಾಕಿ ಸುಮಾರು 5,700 ಕೋಟಿ. ಅಂದರೆ ಶೆಲ್ಫಿನ ಮೇಲಿರುವ ಅಷ್ಟೂ ಸರಕಿನ ದುಡ್ಡನ್ನು ತಯಾರಕರೇ ಹೊತ್ತಿದ್ದಾರೆ. ಈ ಬಾಕಿಗೆ ಬಡ್ಡಿ ಇಲ್ಲ. ಇದು ವಾಲ್‌ಮಾರ್ಟ್‌ನ ಗಾತ್ರಕ್ಕೆ ಸಿಗುವ ಉದ್ದರಿ. ಚಿಕ್ಕ ಅಂಗಡಿಯವನಿಗೆ ಯಾರೂ ಕೊಡುವುದಿಲ್ಲ. ಡಿ-ಮಾರ್ಟ್ ಬೇಕೆಂದೇ ಇದನ್ನು ಕಡಿಮೆ ಇಟ್ಟುಕೊಂಡಿದೆ. ಸರಬರಾಜುದಾರರಿಗೆ ಬೇಗ ದುಡ್ಡು ಕೊಟ್ಟು, ಅದಕ್ಕೆ ಬದಲಾಗಿ ಸರಕನ್ನು ಅಗ್ಗಕ್ಕೆ ಪಡೆಯುವುದು ಅದರ ಹೆಸರುವಾಸಿ ಪದ್ಧತಿ. ಲೆವರೇಜ್‌ನಲ್ಲಿ ಬಿಟ್ಟದ್ದರಲ್ಲಿ ಒಂದಷ್ಟು ಮಾರ್ಜಿನ್‌ನಲ್ಲಿ ವಾಪಸು ಬರುತ್ತದೆ. ಅದಕ್ಕೇ ಈ ಮೂರು ಅಂಕಿಗಳನ್ನು ಬೇರೆ ಬೇರೆ ಗೂಟಕ್ಕೆ ಕಟ್ಟಿದ ಹಸುಗಳಂತೆ ನೋಡಬಾರದು. ಒಂದನ್ನು ಎಳೆದರೆ ಇನ್ನೊಂದು ಅಲ್ಲಾಡುತ್ತದೆ.

ಬಡ್ಡಿ ಇರುವ ಸಾಲವಾದರೆ ಈ ಎಳೆತ ಇನ್ನೂ ಸ್ಪಷ್ಟ. ಒಂದು ಆಟ ಆಡೋಣ. ಡಿ-ಮಾರ್ಟ್‌ಗೆ ಈಗ ಹೇಳಿಕೊಳ್ಳುವಂಥ ಬ್ಯಾಂಕ್ ಸಾಲ ಇಲ್ಲ. ಅದು 9,350 ಕೋಟಿಯನ್ನು 9% ಬಡ್ಡಿಗೆ ತಂದು, ಅಷ್ಟನ್ನೂ ಷೇರುದಾರರಿಗೆ ಹಿಂದಿರುಗಿಸಿತು ಎಂದುಕೊಳ್ಳಿ. ಅಂಗಡಿ, ಸರಕು, ಗಿರಾಕಿ ಯಾವುದೂ ಬದಲಾಗಿಲ್ಲ. ಷೇರುದಾರರ ಬಂಡವಾಳ ಅರ್ಧಕ್ಕಿಳಿಯಿತು. ಬಡ್ಡಿ 841 ಕೋಟಿ. ಕಾಲುಭಾಗ ತೆರಿಗೆಯಲ್ಲಿ ಉಳಿದರೂ ಲಾಭದಿಂದ ಸುಮಾರು 631 ಕೋಟಿ ಹೋಗುತ್ತದೆ. ಉಳಿದ ಲಾಭ 1,905 ಕೋಟಿ. ಮಾರ್ಜಿನ್ 5%ದಿಂದ 3.75%ಕ್ಕೆ ಇಳಿಯಿತು, ಲೆವರೇಜ್ 2.27ಕ್ಕೆ ಏರಿತು. ಆರ್‌ಒಇ? 20.4%. ಒಂದು ಕೆ.ಜಿ. ಸಕ್ಕರೆಯನ್ನೂ ಹೆಚ್ಚಿಗೆ ಮಾರದೆ ವಾಲ್‌ಮಾರ್ಟನ್ನು ಹಿಂದೆ ಹಾಕಿದಂತಾಯಿತು!

ಈಗ ಕೆಟ್ಟ ವರ್ಷ ಬರಲಿ. ಬಡ್ಡಿಗೆ ಮುಂಚಿನ ಲಾಭ ಅರ್ಧವಾದರೆ ಸಾಲವಿಲ್ಲದ ಡಿ-ಮಾರ್ಟ್‌ನ ಆರ್‌ಒಇ 6.8%. ಸಾಲ ಮಾಡಿದ ಡಿ-ಮಾರ್ಟ್‌ನದೂ 6.8%. ಇದು ಕಾಕತಾಳೀಯವಲ್ಲ. 9% ಬಡ್ಡಿ ತೆರಿಗೆ ಕಳೆದು 6.75% ಬೀಳುತ್ತದೆ. ವ್ಯಾಪಾರ ಆ ಮಟ್ಟಕ್ಕಿಂತ ಹೆಚ್ಚು ದುಡಿದಷ್ಟು ಕಾಲ ಸಾಲ ಷೇರುದಾರರಿಗೆ ಕೂಡಿಸುತ್ತದೆ, ಅಲ್ಲಿಗೇ ನಿಂತರೆ ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ, ಕೆಳಗಿಳಿದರೆ ಕಳೆಯತೊಡಗುತ್ತದೆ. ಲಾಭ ಕಾಲುಭಾಗಕ್ಕೆ ಕುಸಿದರೆ ಸಾಲವಿಲ್ಲದ ಕಂಪನಿ 3.4% ಆದರೂ ಗಳಿಸುತ್ತದೆ. ಸಾಲದ ಕಂಪನಿಗೆ 634 ಕೋಟಿಯಲ್ಲಿ 631 ಕೋಟಿ ಬಡ್ಡಿಗೇ ಹೋಗಿ ಕೈಗೆ ಸಿಗುವುದು 3 ಕೋಟಿ.

ಹುಡುಗಿ ಆ 3 ಕೋಟಿಯ ಕೆಳಗೆ ಎರಡು ಗೆರೆ ಎಳೆದಳು.

ಲೆವರೇಜ್ ಏರಿರುವ ಕಂಪನಿ ಕಂಡರೆ ನಾನು ಮೊದಲು ಕೇಳುವುದು, ಮೇಲಿನ ಆಸ್ತಿ ಏರಿತೋ, ಕೆಳಗಿನ ಬಂಡವಾಳ ಇಳಿಯಿತೋ ಎಂದು. ಬಂಡವಾಳ ಇಳಿಯುವುದಕ್ಕೆ ನಷ್ಟವೂ ಕಾರಣವಿರಬಹುದು, ಕಂಪನಿ ತನ್ನ ಷೇರನ್ನೇ ಮರುಖರೀದಿ ಮಾಡಿದ್ದೂ ಇರಬಹುದು. ಎರಡರಲ್ಲೂ ಮುಂದಿನ ವರ್ಷದ ಆರ್‌ಒಇ ಚೆನ್ನಾಗಿಯೇ ಕಾಣುತ್ತದೆ. ಮಾರ್ಜಿನ್ ಒಂದೇ ವರ್ಷ ಹಾರಿದ್ದರೆ ಜಾಗವನ್ನೋ ಅಂಗಸಂಸ್ಥೆಯನ್ನೋ ಮಾರಿದ ದುಡ್ಡು ಅದರೊಳಗೆ ಸೇರಿದೆಯೇ ಎಂದು ಲಾಭ-ನಷ್ಟದ ಪಟ್ಟಿಯಲ್ಲಿ ಹುಡುಕಬೇಕು. ಐದು ವರ್ಷದ ಮೂರೂ ಅಂಕಿಗಳನ್ನು ಸಾಲಾಗಿ ಬರೆದರೆ ಇಂಥವು ಕಣ್ಣಿಗೆ ಹೊಡೆಯುತ್ತವೆ. ವರ್ಷಾಂತ್ಯದ ಬಂಡವಾಳವನ್ನು ತೆಗೆದುಕೊಂಡಿರೋ, ವರ್ಷದ ಸರಾಸರಿಯನ್ನೋ, ಯಾವುದಾದರೂ ಸರಿ. ಹೋಲಿಸುವ ಎರಡೂ ಕಂಪನಿಗೆ ಒಂದೇ ಇರಲಿ. ನಾವಿಲ್ಲಿ ವರ್ಷಾಂತ್ಯದ್ದನ್ನು ಹಿಡಿದಿದ್ದೇವೆ.

ಈ ಲೆಕ್ಕ ಕೈಕೊಡುವ ಜಾಗವೂ ಇದೆ. ಬ್ಯಾಂಕುಗಳಿಗೆ ಬೇರೆಯವರ ದುಡ್ಡೇ ಕಚ್ಚಾ ಸರಕು, ಅಲ್ಲಿ ಟರ್ನೋವರ್ ಎಂಬ ಮಾತಿಗೆ ಹೆಚ್ಚಿನ ಅರ್ಥವಿಲ್ಲ. ಮೆಕ್‌ಡೊನಾಲ್ಡ್ಸ್ ವರ್ಷವರ್ಷವೂ ಲಾಭ ಮಾಡುತ್ತದೆ. ಆದರೆ ಷೇರು ಮರುಖರೀದಿ ಮಾಡಿ ಮಾಡಿ ಅದರ ಷೇರುದಾರರ ಬಂಡವಾಳ ಹಲವು ವರ್ಷಗಳಿಂದ ಸೊನ್ನೆಗಿಂತ ಕೆಳಗಿದೆ. ಅಂಥ ಕಂಪನಿಯ ಸಾಲಿನಲ್ಲಿ ಆರ್‌ಒಇ ಕಾಲಂ ಖಾಲಿ ಬಿಡುವುದೇ ಸರಿ.