ಮಲ್ಲಿಗೆ ಅರಳುವ ಹೊತ್ತಿಗೆ ಬಾಲ್ಕನಿಯಲ್ಲಿ ಯಾರಿರುತ್ತಾರೆ?

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನರ್ಸರಿಗೆ ಹೋಗಿ, ಹೂವಿಗೆ ಮೂಗು ತಾಗಿಸಿ ನೋಡಿ ಗಿಡ ಆರಿಸುವವರು ಬಹಳ. ಪರಿಮಳದ ಗಿಡಗಳ ಮಟ್ಟಿಗೆ ಆ ಪರೀಕ್ಷೆ ಹೆಚ್ಚೇನನ್ನೂ ಹೇಳುವುದಿಲ್ಲ. ಆ ಹೊತ್ತಿನಲ್ಲಿ ರಾತ್ರಿರಾಣಿಯ ಹೂಗಳು ಬಾಯಿ ಮುಚ್ಚಿಕೊಂಡಿರುತ್ತವೆ. ದುಂಡುಮಲ್ಲಿಗೆಯ ಮೊಗ್ಗು ಇನ್ನೂ ಬಿಗಿಯಾಗಿರುತ್ತದೆ, ಹಿಂದಿನ ದಿನ ಅರಳಿದ್ದು ಬಾಡಿರುತ್ತದೆ. ಸುಗಂಧರಾಜವೂ ತನ್ನ ಪೂರ್ತಿ ಕಂಪನ್ನು ತೋರಿಸುವುದಿಲ್ಲ. ಹಾಗಾಗಿ ಬಾಲ್ಕನಿಗೆ ಗಿಡ ಆರಿಸುವಾಗ ಯಾವ ಹೂವು ಹೆಚ್ಚು ಪರಿಮಳ ಎಂದು ಕೇಳುವ ಮೊದಲು, ನಾವು ಬಾಲ್ಕನಿಯಲ್ಲಿ ಕೂರುವುದು ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಬೇಕು.

ಹೂವು ಪರಿಮಳ ಬೀರುವುದು ಪರಾಗ ಹೊತ್ತೊಯ್ಯುವ ಕೀಟವನ್ನು ಕರೆಯುವುದಕ್ಕೆ. ಆ ಸುವಾಸನೆಯ ಎಣ್ಣೆಯಂಶಗಳನ್ನು ತಯಾರಿಸಲು ಗಿಡಕ್ಕೆ ಶಕ್ತಿ ಖರ್ಚಾಗುತ್ತದೆ. ಕೀಟ ಬರದ ಹೊತ್ತಿನಲ್ಲಿ ಅದನ್ನು ಚೆಲ್ಲಿದರೆ ನಷ್ಟ. ಜೇನುನೊಣವನ್ನು ನಂಬಿರುವ ಹೂವು ಹಗಲಲ್ಲಿ ಕಂಪು ಬೀರುತ್ತದೆ, ಪತಂಗವನ್ನು ನಂಬಿರುವುದು ಕತ್ತಲಾದ ಮೇಲೆ. ರಾತ್ರಿ ಅರಳುವ ಹೂಗಳಲ್ಲಿ ಹೆಚ್ಚಿನವು ಬಿಳಿ ಇಲ್ಲವೇ ತೆಳು ಬಣ್ಣದವಾಗಿರುವುದಕ್ಕೂ ಇದೇ ಕಾರಣ. ಕತ್ತಲಲ್ಲಿ ಕೆಂಪು, ನೇರಳೆ ಕಾಣುವುದಿಲ್ಲ, ಬಿಳಿ ಮತ್ತು ವಾಸನೆ ಮಾತ್ರ ಕೆಲಸಕ್ಕೆ ಬರುತ್ತವೆ.

ಈ ವೇಳಾಪಟ್ಟಿಯನ್ನು ಗಿಡ ಹೊರಗಿನ ಕತ್ತಲನ್ನು ನೋಡಿಯೇ ಪ್ರತಿದಿನ ತಿಳಿದುಕೊಳ್ಳುವುದಲ್ಲ. ಅದರ ಗಡಿಯಾರ ಒಳಗೇ ಇದೆ. ರಾತ್ರಿರಾಣಿಯ ಹೂವು ಅರಳುವುದನ್ನೂ ಕಂಪು ಬೀರುವುದನ್ನೂ ಕುರಿತ ಅಧ್ಯಯನವೊಂದು 1960ರಲ್ಲಿ ಅಮೆರಿಕದ ಸಸ್ಯವಿಜ್ಞಾನ ಪತ್ರಿಕೆಯಲ್ಲಿ ಬಂತು. ಹಗಲು ರಾತ್ರಿಗಳ ವ್ಯತ್ಯಾಸವೇ ತಿಳಿಯದಂತೆ ಇಟ್ಟರೂ ಆ ಲಯ ಮುಂದುವರಿಯುತ್ತದೆ ಎಂದು ಅದು ತೋರಿಸಿತು. ಇದಕ್ಕೆ ನಮ್ಮ ಮನೆಗಳಲ್ಲೇ ಸಾಕ್ಷಿಯಿದೆ. ಮಧ್ಯಾಹ್ನ ಕಟ್ಟಿದ ಮಲ್ಲಿಗೆ ಮೊಗ್ಗಿನ ಮಾಲೆ ಸಂಜೆ ಮುಡಿಯಲ್ಲೇ ಅರಳುತ್ತದೆ. ಗಿಡದಿಂದ ಬೇರೆಯಾದ ಮೊಗ್ಗಿಗೂ ಸಂಜೆ ಆಯಿತೆಂಬುದು ಗೊತ್ತು.

ಈಗ ಒಂದು ಬಾಲ್ಕನಿಯನ್ನೇ ಎದುರಿಗಿಟ್ಟುಕೊಂಡು ನೋಡೋಣ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನ ಮೂರನೇ ಮಹಡಿ, ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಪೂರ್ವಕ್ಕೆ ಮುಖ, ಮೇಲೆ ಇನ್ನೊಂದು ಮನೆಯ ಬಾಲ್ಕನಿಯ ಸ್ಲ್ಯಾಬ್. ಗಂಡ ಹೆಂಡತಿ ಇಬ್ಬರೂ ಕೆಲಸದಿಂದ ಬರುವುದು ಸಂಜೆ ಏಳೂವರೆಗೆ. ಬೆಳಗ್ಗೆ ಆರಕ್ಕೆ ಅಲ್ಲಿ ಕಾಫಿ ಹಿಡಿದು ಕೂರುವವರು ಅತ್ತೆ ಮಾವ. ಪಕ್ಕದಲ್ಲೇ ಮಲಗುವ ಕೋಣೆಯ ಕಿಟಕಿ.

ಮೊದಲು ಅಳೆಯಬೇಕಾದ್ದು ಬಿಸಿಲು. ಇಂಥ ಬಾಲ್ಕನಿಯ ಕಂಬಿಗಳ ಪಕ್ಕ ಹತ್ತೂವರೆ, ಹನ್ನೊಂದರವರೆಗೆ ಬಿಸಿಲು ಸಿಗಬಹುದು. ಗೋಡೆಯ ಕಡೆ ಅದರ ಅರ್ಧವೂ ಇರುವುದಿಲ್ಲ. ದಕ್ಷಿಣದ ಬಾಲ್ಕನಿ ಇರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಧಾರಾಳ ಬಿಸಿಲು ಬೀಳುವುದನ್ನು ನೋಡಿ ಮಲ್ಲಿಗೆ ತಂದಿಡುತ್ತಾರೆ. ಆದರೆ ಏಪ್ರಿಲ್ ಕೊನೆಯ ವಾರಕ್ಕೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ತುಸು ಉತ್ತರಕ್ಕೇ ವಾಲಿರುತ್ತಾನೆ. ಮೇಲಿನ ಸ್ಲ್ಯಾಬ್ ದಾಟಿ ದಕ್ಷಿಣದ ಬಾಲ್ಕನಿಯೊಳಗೆ ಬಿಸಿಲು ಇಳಿಯುವುದೇ ಇಲ್ಲ. ಮಲ್ಲಿಗೆಗೆ ಬಿಸಿಲು ಹೆಚ್ಚು ಬೇಕಾದ ತಿಂಗಳುಗಳೂ ಅವೇ. ‘ಗಿಡ ಚೆನ್ನಾಗಿದೆ, ಎಲೆ ತುಂಬಿದೆ, ಹೂವೇ ಬಿಡುತ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ನಮ್ಮ ಪೂರ್ವದ ಬಾಲ್ಕನಿಯಲ್ಲಿ ಕಂಬಿಯ ಪಕ್ಕದ ಜಾಗ ದುಂಡುಮಲ್ಲಿಗೆಗೇ ಸಲ್ಲಬೇಕು. ದಿನಕ್ಕೆ ನಾಲ್ಕೈದು ಗಂಟೆಯ ನೇರ ಬಿಸಿಲು ಅದಕ್ಕೆ ಕನಿಷ್ಠ. ಮೊಗ್ಗು ಸೂರ್ಯ ಮುಳುಗುವ ಹೊತ್ತಿಗೆ ಬಿರಿಯತೊಡಗಿ ಏಳು, ಎಂಟು ಗಂಟೆಗೆ ಅರಳುತ್ತದೆ. ಕಂಪು ರಾತ್ರಿಯೆಲ್ಲ ಇದ್ದು ಬೆಳಗಿನ ಬಿಸಿಲು ಏರಿದಂತೆ ಇಳಿಯುತ್ತದೆ. ಅಂದರೆ ಕೆಲಸದಿಂದ ಬರುವವರಿಗೆ ಹೊಸದು, ಕಾಫಿಗೆ ಕೂರುವ ಹಿರಿಯರಿಗೂ ಸ್ವಲ್ಪ ಉಳಿದಿರುತ್ತದೆ. ಒಂದೇ ಗಿಡ ಕೊಳ್ಳುವ ಜಾಗವಿದ್ದರೆ ನಾನು ಹೇಳುವುದು ಇದನ್ನೇ.

ಮಲ್ಲಿಗೆಗೆ ಹನ್ನೆರಡರಿಂದ ಹದಿನಾಲ್ಕು ಇಂಚಿನ ಕುಂಡ ಸಾಕು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿದರೆ ನೀರು ನಿಲ್ಲುವುದಿಲ್ಲ. ಇದು ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಕತ್ತರಿ ಹಾಕಲು ಹಿಂಜರಿದರೆ ಹೂವಿಲ್ಲ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ವಾರ, ಹತ್ತು ದಿನ ನೀರು ಬಹಳ ಕಡಿಮೆ ಮಾಡಿ, ಗಿಡವನ್ನು ಅರ್ಧಕ್ಕೆ ಸವರಿ, ಉಳಿದ ಹಳೆಯ ಎಲೆ ಬಿಡಿಸಿ, ಮೇಲ್ಮಣ್ಣು ಕೆದಕಿ ಗೊಬ್ಬರ ಕೊಟ್ಟು ಮತ್ತೆ ನೀರು ಹಾಕಬೇಕು. ಚಿಗುರಿ ಬಂದ ರೆಂಬೆಗಳು ಮಾರ್ಚ್ ಹೊತ್ತಿಗೆ ಮೊಗ್ಗು ಹಿಡಿಯುತ್ತವೆ. ಒಂದು ಸುತ್ತಿನ ಹೂ ಮುಗಿದ ಮೇಲೆ ಪ್ರತಿ ತುದಿಯನ್ನೂ ಎರಡು ಜೊತೆ ಎಲೆಯಷ್ಟು ಕತ್ತರಿಸಿದರೆ ಮುಂದಿನ ಸುತ್ತು ಬರುತ್ತದೆ. ಮೊಗ್ಗು ಅರಳದೆ ನೇರಳೆ ಬಣ್ಣಕ್ಕೆ ತಿರುಗಿ ಸಣ್ಣ ತೂತು ಕಾಣಿಸಿದರೆ ಒಳಗೆ ಮೊಗ್ಗು ಕೊರೆಯುವ ಹುಳು ಇದೆ. ಅಂಥ ಮೊಗ್ಗುಗಳನ್ನು ಕಿತ್ತು, ಕುಂಡದಲ್ಲಿ ಬೀಳಲು ಬಿಡದೆ, ಹೊರಗೆ ಹಾಕುವುದು ಮೊದಲ ಕೆಲಸ. ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಿಂಪಡಿಸುವುದು ಎರಡನೆಯದು. ಸಿಂಪಡಿಸಿದ ಒಂದೆರಡು ದಿನ ಬೇವಿನ ವಾಸನೆಯೇ ಮುಂದಾಗಿರುತ್ತದೆ, ಆದ್ದರಿಂದ ಮೊಗ್ಗು ಇನ್ನೂ ಎಳೆಯದಿರುವಾಗಲೇ ಮಾಡಿ ಮುಗಿಸುವುದು ವಾಸಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ತೊಂದರೆ ಬರುತ್ತದೆ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ, ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದು ತಿಳಿಯಬೇಕು. ಇದು ಮಲ್ಲಿಗೆಗಿಂತ ಗಂಧರಾಜದಲ್ಲಿ ಬೇಗ ಕಾಣುತ್ತದೆ. ಗಂಧರಾಜದ ಬೆಣ್ಣೆಯಂಥ ಕಂಪಿಗೆ ಮನಸೋತು ಅದನ್ನು ತರುವವರು ಮಳೆನೀರು ಹಿಡಿದಿಡಬಲ್ಲರೇ ಎಂದು ಯೋಚಿಸಿಯೇ ತರಬೇಕು.

ಮಲ್ಲಿಗೆಯ ಪಕ್ಕದಲ್ಲಿ ಹತ್ತು ಇಂಚಿನ ಕುಂಡದಲ್ಲಿ ಸುಗಂಧರಾಜದ ಮೂರು ಗೆಡ್ಡೆ ಊರಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಎರಡು ಇಂಚು ಆಳಕ್ಕೆ ನೆಟ್ಟರೆ ಮೂರು ನಾಲ್ಕು ತಿಂಗಳಿಗೆ ದಂಟು ಬರುತ್ತದೆ. ಕೆಳಗಿನ ಮೊಗ್ಗಿನಿಂದ ಮೇಲಕ್ಕೆ ಒಂದೊಂದೇ ಅರಳುವುದರಿಂದ ಒಂದು ದಂಟು ಹಲವು ಸಂಜೆಗಳಿಗೆ ಬರುತ್ತದೆ. ಹಗಲಲ್ಲೂ ವಾಸನೆಯಿದ್ದರೂ ಕತ್ತಲಾದ ಮೇಲೆ ಅದು ಗಾಢವಾಗುತ್ತದೆ. ಒಂಟಿ ಎಸಳಿನದನ್ನೇ ಕೇಳಿ ತನ್ನಿ. ಹೂಗುಚ್ಛಕ್ಕೆ ಒಪ್ಪುವ ಜೋಡಿ ಎಸಳಿನದು ನೋಡಲು ತುಂಬಿಕೊಂಡಿರುತ್ತದೆ, ಕಂಪು ಅಷ್ಟಿಲ್ಲ.

ಬಿಸಿಲು ಬಾರದ ಗೋಡೆಯ ಕಡೆ ಏನಿಡುವುದು? ಇಲ್ಲಿ ಬ್ರಹ್ಮಕಮಲಕ್ಕೆ ಸಾಟಿಯಿಲ್ಲ. ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿಯ ಜಾತಿಯಿದು, ಆದ್ದರಿಂದ ನೇರ ಬಿಸಿಲು ಬಿದ್ದರೆ ಎಲೆ ಸುಟ್ಟಂತಾಗುತ್ತದೆ. ಎಲೆಯಂಥ ಚಪ್ಪಟೆ ಕಾಂಡದ ಅಂಚಿನಲ್ಲಿ ಮೊಗ್ಗು ಮೂಡಿ ಕೆಲವು ವಾರ ಜೋತು ಬೆಳೆಯುತ್ತದೆ. ಅದರ ಕತ್ತು ಮೇಲಕ್ಕೆ ಬಾಗಿ ಮೊಗ್ಗು ಉಬ್ಬಿದರೆ ಅರಳುವ ರಾತ್ರಿ ಹತ್ತಿರ ಬಂತೆಂದು ಅರ್ಥ. ರಾತ್ರಿ ಎಂಟು, ಒಂಬತ್ತಕ್ಕೆ ಬಿರಿಯಲು ತೊಡಗಿ ನಡುರಾತ್ರಿಯ ಸುಮಾರಿಗೆ ಪೂರ್ತಿ ತೆರೆದು ಬೆಳಕು ಹರಿಯುವಷ್ಟರಲ್ಲಿ ಜೋಲುತ್ತದೆ. ಕಾಫಿಯ ಹೊತ್ತಿಗೆ ಏಳುವ ಹಿರಿಯರಿಗೆ ಅದು ಸಿಗುವುದೇ ಇಲ್ಲ, ಅವರನ್ನು ಆ ರಾತ್ರಿ ಎಚ್ಚರವಿರಿಸಬೇಕು.

ಬೆಳಗಿನವರಿಗೆ ಹೂವಿಗಿಂತ ಎಲೆಯನ್ನು ನಂಬುವುದು ಲೇಸು. ಮರುಗ, ಕಾಮಕಸ್ತೂರಿಯಂಥ ಗಿಡಗಳಲ್ಲಿ ಸುವಾಸನೆಯ ಎಣ್ಣೆ ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿ ಕೂಡಿಟ್ಟಿರುತ್ತದೆ. ಅವಕ್ಕೆ ವೇಳೆಯ ಹಂಗಿಲ್ಲ, ಕೈ ಸವರಿದರೆ, ಸೆರಗು ತಾಗಿದರೆ ಗ್ರಂಥಿ ಒಡೆದು ಘಮ್ಮೆನ್ನುತ್ತದೆ. ಬೆಳಗಿನ ಬಿಸಿಲು ಎಲೆಯನ್ನು ಬೆಚ್ಚಗೆ ಮಾಡಿದಾಗ ತಾನಾಗಿಯೂ ಸ್ವಲ್ಪ ಹೊಮ್ಮುತ್ತದೆ. ದೂರದಿಂದ ತೇಲಿಬರುವ ಕಂಪಲ್ಲವಾದ್ದರಿಂದ ಕುಂಡ ಇಡಬೇಕಾದ್ದು ಮೂಲೆಯಲ್ಲಲ್ಲ, ಬಾಗಿಲ ಬಳಿ, ಕುರ್ಚಿಯ ತೋಳಿನ ಎತ್ತರದಲ್ಲಿ. ಗುಲಾಬಿಯೂ ಹಗಲಿನದೇ. ಆದರೆ ದೂರದ ಮಾರುಕಟ್ಟೆಗೆಂದು ಬೆಳೆಸಿದ ಉದ್ದ ದಂಟಿನ ತಳಿಗಳು ಬಾಡದೆ ಉಳಿಯುವುದಕ್ಕಾಗಿ ಆರಿಸಿದವು, ಅನೇಕಕ್ಕೆ ಕಂಪೇ ಇಲ್ಲ. ಪನ್ನೀರ್ ಗುಲಾಬಿ ಕೇಳಿ.

ಪಾರಿಜಾತವನ್ನು ಈ ಬಾಲ್ಕನಿಗೆ ನಾನು ಆರಿಸುವುದಿಲ್ಲ. ಮುಸ್ಸಂಜೆ ಅರಳಿ ಮುಂಜಾನೆ ಉದುರುವ ಅದರ ಕ್ರಮ ಎರಡು ಹೊತ್ತಿನವರಿಗೂ ಒಪ್ಪುವಂಥದ್ದೇ, ಮಳೆಗಾಲ ಹಿಂದೆ ಸರಿಯುವ ತಿಂಗಳುಗಳಲ್ಲಿ ಅದರ ಕಂಪಿಗೆ ಸಮನಿಲ್ಲ. ಆದರೆ ಅದು ಮರವಾಗಬೇಕಾದ ಗಿಡ, ದೊಡ್ಡ ಡ್ರಮ್ಮೂ ಪೂರ್ತಿ ಬಿಸಿಲೂ ಕೇಳುತ್ತದೆ. ತಾರಸಿ ಇದ್ದವರು ಬೆಳೆಸಲಿ.

ಎಲ್ಲ ಸರಿಯಾಗಿದ್ದೂ ಕೆಲವು ದಿನ ಮೂಗಿಗೆ ಏನೂ ಸಿಗುವುದಿಲ್ಲ. ಪರಿಮಳ ಗಾಳಿಗೆ ಸೇರಲು ಬೆಚ್ಚಗಿನ ಹವೆ ಬೇಕು, ಮೂಗಿಗೆ ತಲುಪಲು ಗಾಳಿ ನಿಂತಿರಬೇಕು. ಡಿಸೆಂಬರಿನ ಚಳಿರಾತ್ರಿಗಳಲ್ಲಿ ಅರಳಿದ ಹೂವೂ ಮಂಕಾಗಿರುತ್ತದೆ. ಮೇ ತಿಂಗಳ ಸೆಕೆಯಲ್ಲಿ, ಮಳೆಗೆ ಮುಂಚಿನ ಬಿಗಿದ ಸಂಜೆಯಲ್ಲಿ ಎರಡೇ ಹೂ ಕೋಣೆ ತುಂಬುತ್ತದೆ. ಹತ್ತನೇ ಮಹಡಿಯಲ್ಲಿರುವವರ ಕಂಪನ್ನೆಲ್ಲ ಗಾಳಿ ಹೊತ್ತೊಯ್ಯುತ್ತದೆ. ಅವರು ಕುಂಡಗಳನ್ನು ಒಂದೇ ಮೂಲೆಗೆ ಒತ್ತೊತ್ತಾಗಿ ಜೋಡಿಸಿ, ಗಾಳಿ ಬರುವ ಕಡೆಗೆ ಬಿದಿರಿನ ತಟ್ಟಿ ಕಟ್ಟಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಕೊಳ್ಳುವಾಗ ಎರಡು ಎಚ್ಚರಿಕೆ. ಚಳಿಗಾಲದಲ್ಲಿ ಬಿಳಿಯ ಗೊಂಚಲು ತುಂಬಿ ನಿಂತ ಕಾಕಡವನ್ನು ಮಲ್ಲಿಗೆ ಎಂದುಕೊಂಡು ತರಬೇಡಿ. ಹೂವು ಹೇರಳ, ಕಂಪು ಇಲ್ಲವೆನ್ನುವಷ್ಟು ಕಡಿಮೆ. ಇನ್ನು ರಾತ್ರಿರಾಣಿ. ಅದು ವರ್ಷದಲ್ಲಿ ಹಲವು ಸಲ ಅಲೆಅಲೆಯಾಗಿ ಹೂ ಬಿಡುತ್ತದೆ, ಆ ರಾತ್ರಿಗಳಲ್ಲಿ ಒಂದೇ ಗಿಡ ಇಡೀ ಮಹಡಿಗೆ ಹರಡುತ್ತದೆ. ಬಯಲಿನಲ್ಲಿ ಹಿತವೆನಿಸುವ ಆ ಘಾಟು ಮಲಗುವ ಕೋಣೆಯ ಕಿಟಕಿಯ ಕೆಳಗೆ ತಲೆನೋವಾಗಬಹುದು. ಉಬ್ಬಸವಿರುವವರಿಗೆ ಒಗ್ಗದಿರಲೂಬಹುದು. ಅದರ ಬಿಳಿ ಕಾಯಿ ವಿಷ, ಪುಟ್ಟ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಇಷ್ಟಾದರೂ ಅದೇ ಬೇಕೆನ್ನುವವರು, ಅದನ್ನು ಬೆಳೆದವರ ಮನೆಗೆ ಹೂ ಬಿಟ್ಟ ದಿನ ಎಂಟು ಗಂಟೆಗೆ ಹೋಗಿ, ಗಿಡದ ಪಕ್ಕ ಒಂದು ಗಂಟೆ ಕೂತು ನೋಡಿ, ಆಮೇಲೆ ನರ್ಸರಿಗೆ ಹೋಗಲಿ.