ಹೋಟೆಲ್ ಅಡುಗೆಮನೆಯ ಹಾಲಿನ ಲೆಕ್ಕ

ಉತ್ತರ ಭಾರತದ ಊಟ ಬಡಿಸುವ ಹೋಟೆಲ್‌ಗಳಲ್ಲಿ ಹೆಚ್ಚು ಖರ್ಚು ತಿನ್ನುವ ಪದಾರ್ಥಗಳಲ್ಲಿ ಪನೀರ್ ಒಂದು. ಅದನ್ನು ಅಲ್ಲೇ ಮಾಡಿಕೊಂಡರೆ ದುಡ್ಡು ಉಳಿಯುತ್ತದೆಯೇ? ದರ ಊರಿಂದೂರಿಗೆ ಬದಲಾಗುತ್ತದೆ. ಲೆಕ್ಕಕ್ಕೆ ಕೆನೆಭರಿತ ಹಾಲು ಲೀಟರಿಗೆ 60 ರೂಪಾಯಿ, ಸಗಟು ಪನೀರ್ ಕಿಲೋಗೆ 380 ಎಂದಿಟ್ಟುಕೊಳ್ಳೋಣ.

ಶೇ. 6 ಕೊಬ್ಬಿರುವ 10 ಲೀಟರ್ ಹಾಲಿನಿಂದ ಸುಮಾರು 1.9 ಕಿಲೋ ಪನೀರ್ ಬರುತ್ತದೆ. ಬರೀ ಹಾಲಿನ ಖರ್ಚೇ ಕಿಲೋಗೆ 315 ರೂಪಾಯಿ. ಗ್ಯಾಸ್ ಮತ್ತು ಅಡುಗೆಯವರ ಒಂದೂವರೆ ಗಂಟೆಯ ಕೂಲಿಗೆ 140 ರೂಪಾಯಿ ಸೇರಿಸಿದರೆ 390ರ ಹತ್ತಿರ ಬಂತು, ಅಂದರೆ ಕೊಂಡದ್ದಕ್ಕಿಂತ ತುಸು ದುಬಾರಿ. 40 ಲೀಟರ್ ಒಡೆಸುವ ಹೋಟೆಲ್‌ಗೆ ಕೂಲಿ ನಾಲ್ಕು ಪಟ್ಟಾಗುವುದಿಲ್ಲ. ಅಲ್ಲಿ ಕಿಲೋಗೆ 350 ರೂಪಾಯಿಯ ಆಸುಪಾಸಿನಲ್ಲಿ ಪನೀರ್ ಸಿಗುತ್ತದೆ.

ಕಡಿಮೆ ಬೆಲೆಯ ಹಾಲು ತಂದರೆ ಲಾಭ ಎಂದುಕೊಳ್ಳುವವರು ಇಲ್ಲೇ ಎಡವುತ್ತಾರೆ. ಶೇ. 3 ಕೊಬ್ಬಿನ ಟೋನ್ಡ್ ಹಾಲು ಲೀಟರಿಗೆ 46 ರೂಪಾಯಿ ಇದ್ದರೆ, 10 ಲೀಟರ್‌ಗೆ ಸಿಗುವುದು 1.4 ಕಿಲೋ ಪನೀರ್. ಹಾಲಿನ ಖರ್ಚು ಕಿಲೋಗೆ 328! ಪನೀರ್ ರಬ್ಬರಿನಂತೆ ಗಟ್ಟಿಯಾಗುವುದು ಬೇರೆ.

ಒಡೆಸುವಾಗ ಕಣ್ಣಿಡಬೇಕಾದದ್ದು ನೀರಿನ ಮೇಲೆ. ಹಾಲನ್ನು ಚೆನ್ನಾಗಿ ಕಾಯಿಸಿ, ಕುದಿ ಇಳಿದ ಮೇಲೆ ನಿಂಬೆಹುಳಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಒಡೆದ ನೀರು ತಿಳಿ ಹಸಿರು ಬಣ್ಣಕ್ಕೆ ತಿರುಗಿದರೆ ಸಾಕು, ಅಲ್ಲಿಗೆ ನಿಲ್ಲಿಸಬೇಕು. ನೀರು ಇನ್ನೂ ಬೆಳ್ಳಗಿದ್ದರೆ ಪನೀರ್ ಆಗಬೇಕಿದ್ದ ಅಂಶ ಅದರಲ್ಲೇ ಹೋಗುತ್ತಿದೆ ಎಂದರ್ಥ. ಹುಳಿ ಹೆಚ್ಚಾದರೆ ಗಟ್ಟಿಯೂ ಆಗುತ್ತದೆ, ಹುಳಿಯೂ ಉಳಿಯುತ್ತದೆ. ಒಡೆದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಬಹುದು.

ಕೊಳ್ಳುವಾಗಲೂ ಇದೇ ಲೆಕ್ಕ ಕೆಲಸಕ್ಕೆ ಬರುತ್ತದೆ. ಹಾಲಿನ ದರ ಇಷ್ಟಿರುವಾಗ ಯಾರಾದರೂ ಕಿಲೋಗೆ 220ಕ್ಕೆ ಪನೀರ್ ಕೊಡುತ್ತೇನೆಂದರೆ ಅದು ವನಸ್ಪತಿ ಕೊಬ್ಬಿನ ನಕಲಿರಬಹುದು ಎಂದು ಅನುಮಾನಿಸಲೇಬೇಕು.

ಮೊಸರಿನ ವಿಷಯದಲ್ಲಿ ಗೊಂದಲವಿಲ್ಲ. 10 ಲೀಟರ್ ಹಾಲಿಗೆ ಹತ್ತಿರಹತ್ತಿರ 10 ಕಿಲೋ ಮೊಸರು ಸಿಗುತ್ತದೆ. ಬೆಚ್ಚಗಿನ ಹಾಲಿಗೆ ಎರಡು ಬಟ್ಟಲು ಹೆಪ್ಪು ಹಾಕಿ ಮುಚ್ಚಿಟ್ಟರೆ ಆರೇಳು ಗಂಟೆ ಯಾರೂ ನೋಡಬೇಕಿಲ್ಲ. ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತದೆ, ಹೆಪ್ಪಾದ ಕೂಡಲೇ ಫ್ರಿಜ್‌ಗೆ ಸೇರಿಸುವುದನ್ನು ಮರೆತರೆ ಮೊಸರನ್ನಕ್ಕೆ ಬರುವುದಿಲ್ಲ.

ತುಪ್ಪಕ್ಕೆ ಲೆಕ್ಕ ತಲೆಕೆಳಗು. ಒಂದು ಲೀಟರ್ ಕೆನೆಭರಿತ ಹಾಲಿನಲ್ಲಿರುವುದು 60 ಗ್ರಾಂ ಕೊಬ್ಬು ಮಾತ್ರ. ಕಿಲೋ ತುಪ್ಪಕ್ಕೆ 16 ಲೀಟರಿಗೂ ಹೆಚ್ಚು ಹಾಲು ಬೇಕು, ಅಂದರೆ ಸಾವಿರ ರೂಪಾಯಿಯ ಹಾಲು. ಆದ್ದರಿಂದ ಅಲ್ಲೇ ತುಪ್ಪ ಬೇಕೆನ್ನುವವರು ಬೆಣ್ಣೆ ತಂದು ಕಾಯಿಸುತ್ತಾರೆ. ಒಳ್ಳೆಯ ಬೆಣ್ಣೆ ಕಿಲೋಗೆ 800 ಗ್ರಾಂ ತುಪ್ಪ ಕೊಡುತ್ತದೆ. ನೀರು ಹೆಚ್ಚಿರುವ ಬೆಣ್ಣೆಯಾದರೆ ಅದಕ್ಕಿಂತ ಕಡಿಮೆ. ಚಟಪಟ ಸದ್ದು ನಿಂತು, ತಳದ ಗಸಿ ಕೆಂಪಗಾಗುವಾಗ ಒಲೆ ಆರಿಸಬೇಕು. ಹಣ ಅಷ್ಟಾಗಿ ಉಳಿಯುವುದಿಲ್ಲ, ಆದರೆ ದೋಸೆಯ ಮೇಲೆ ಹಾಕಿದಾಗ ಬರುವ ಆ ಘಮಕ್ಕಾಗಿ ಕೆಲವು ಹೋಟೆಲ್‌ಗಳು ಈ ಶ್ರಮ ಪಡುತ್ತವೆ.